ಗೇಟಿನ ಚೌಕಟ್ಟಿನ ಮೊದಲ ಮೂಲೆ: ಚೌಕ ಪೈಪಿನ ಮಿಗ್ ಬೆಸುಗೆಗೆ ಸಿದ್ಧತೆ

ಮನೆಯಂಗಳದ ಅಥವಾ ಅಡಿಕೆ ತೋಟದ ಕಬ್ಬಿಣದ ಗೇಟು ಕೈಕೊಡುವುದು ಹೆಚ್ಚಾಗಿ ಅದರ ನಡುವಿನ ಸರಳುಗಳಲ್ಲಲ್ಲ, ಮೂಲೆಗಳಲ್ಲಿ. ಕೀಲಿನ ಕಡೆಯ ಮೇಲ್ಮೂಲೆಯ ಬೆಸುಗೆ ಸಡಿಲಾದರೆ ಗೇಟಿನ ಚಿಲಕದ ತುದಿ ನೆಲಕ್ಕೆ ಜೋತುಬೀಳುತ್ತದೆ. ಕೆಳಮೂಲೆಯ ಬೆಸುಗೆಯಲ್ಲಿ ಸೂಜಿಯಷ್ಟು ರಂಧ್ರ ಉಳಿದರೂ ಮಲೆನಾಡಿನ ಮಳೆಗಾಲದ ನೀರು ಪೈಪಿನೊಳಗೆ ಇಳಿದು, ಹೊರಗಿನ ಬಣ್ಣ ಚೆನ್ನಾಗಿರುವಾಗಲೇ ಒಳಗಿನಿಂದ ತುಕ್ಕು ತಿನ್ನುತ್ತದೆ. ತಂತಿಯನ್ನೂ ಗ್ಯಾಸನ್ನೂ ಮೆಷಿನ್ನೇ ಒಟ್ಟಿಗೆ ಒದಗಿಸುವ ಮಿಗ್ ವೆಲ್ಡಿಂಗ್ ಹೊಸದಾಗಿ ಕಲಿಯುವವರು ಬೆಸುಗೆಯ ಟಾರ್ಚ್ ಹಿಡಿಯುವ ಕೈಚಳಕದ ಕಡೆಗೇ ಗಮನ ಕೊಡುತ್ತಾರಾದರೂ, ಇಂಥ ಮೂಲೆ ಗಟ್ಟಿಯಾಗುವುದೂ ನೇರವಾಗಿ ನಿಲ್ಲುವುದೂ ಬಹುಪಾಲು ಕಿಡಿ ಹೊತ್ತಿಕೊಳ್ಳುವ ಮೊದಲೇ ನಿರ್ಧಾರವಾಗಿರುತ್ತದೆ. ಆದ್ದರಿಂದ ಇಲ್ಲಿ ಒಂದೇ ಗೇಟನ್ನು, ಅದರ ಒಂದೇ ಮೂಲೆಯನ್ನು ಎತ್ತಿಕೊಂಡು ನೋಡೋಣ. ಗೇಟಿನ ಅಗಲ 1600 ಮಿ.ಮೀ., ಎತ್ತರ 1200 ಮಿ.ಮೀ. ಎಂದಿರಲಿ. ಈ ಅಳತೆಯನ್ನು ಆರಿಸಿದ್ದಕ್ಕೆ ಒಂದು ಕಾರಣವಿದೆ: ಇದರ ಕರ್ಣ ಸರಿಯಾಗಿ 2000 ಮಿ.ಮೀ. ಬರುತ್ತದೆ, ಮುಂದೆ ಅದೇ ನಮ್ಮ ಪರೀಕ್ಷೆಯ ಅಳತೆಯಾಗುತ್ತದೆ.

ಪೈಪು 40×40 ಮಿ.ಮೀ. ಮೈಲ್ಡ್ ಸ್ಟೀಲ್ ಚೌಕ ಪೈಪು, ಗೋಡೆಯ ದಪ್ಪ 2 ಮಿ.ಮೀ. ಶಿವಮೊಗ್ಗದ ಕಬ್ಬಿಣದ ಅಂಗಡಿಯಲ್ಲಿ ಇದನ್ನು ಗೇಜ್ ಲೆಕ್ಕದಲ್ಲಿ ಕೇಳುವುದೇ ವಾಡಿಕೆ. 14 ಗೇಜ್ ಎಂದರೆ ಸುಮಾರು 2 ಮಿ.ಮೀ., 16 ಗೇಜ್ ಎಂದರೆ ಸುಮಾರು 1.6, 18 ಗೇಜ್ ಎಂದರೆ ಸುಮಾರು 1.2 ಮಿ.ಮೀ. ಅಂಗಡಿಯವರು ಹೇಳಿದ ದಪ್ಪಕ್ಕಿಂತ ಪೈಪು ತೆಳ್ಳಗಿರುವುದೂ ಉಂಟಾದ್ದರಿಂದ ಕತ್ತರಿಸಿದ ತುದಿಯಲ್ಲಿ ವರ್ನಿಯರ್ ಹಿಡಿದು ಅಳೆಯುವುದು ಒಳ್ಳೆಯದು. ಮೆಷಿನ್ನಿನ ಎಲ್ಲ ಹೊಂದಾಣಿಕೆಯೂ ಈ ದಪ್ಪವನ್ನೇ ಅವಲಂಬಿಸಿದೆ. ಮೊದಲ ಬೆಸುಗೆಗೆ 18 ಗೇಜ್ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಅಷ್ಟು ತೆಳುವಾದ ಗೋಡೆ ಕಲಿಯುವವರ ಕೈ ಅರೆಕ್ಷಣ ನಿಂತರೂ ತೂತು ಬೀಳುತ್ತದೆ. ಸತು ಲೇಪಿಸಿದ ಜಿಐ ಪೈಪನ್ನೂ ಈಗ ದೂರವಿಡಬೇಕು. ಬೆಸುಗೆಯ ಶಾಖಕ್ಕೆ ಸತು ಆವಿಯಾಗಿ ಬಿಳಿ ಹೊಗೆ ಏಳುತ್ತದೆ, ಅದನ್ನು ಉಸಿರಾಡಿದವರಿಗೆ ಕೆಲವು ಗಂಟೆಗಳ ನಂತರ ಚಳಿಜ್ವರ ಬರುತ್ತದೆ, ಜೊತೆಗೆ ಆ ಆವಿ ಬೆಸುಗೆಯೊಳಗೆ ಸಿಕ್ಕಿಕೊಂಡು ರಂಧ್ರಗಳನ್ನೂ ಉಳಿಸುತ್ತದೆ.

ಎರಡು ಪೈಪುಗಳ ತುದಿಯನ್ನು 45 ಡಿಗ್ರಿಗೆ ಓರೆಯಾಗಿ ಕತ್ತರಿಸಿ ಕೂಡಿಸಿದಾಗ ಆ ಒಂದು ಮೂಲೆಯಲ್ಲಿ ನಾಲ್ಕು ಬೆಸುಗೆ ಸಾಲುಗಳು ಬರುತ್ತವೆ. ಚೌಕಟ್ಟಿನ ಹೊರಮೂಲೆಯಲ್ಲಿ 40 ಮಿ.ಮೀ. ಉದ್ದದ ಒಂದು, ಒಳಮೂಲೆಯಲ್ಲಿ ಅಷ್ಟೇ ಉದ್ದದ ಇನ್ನೊಂದು, ಮುಂದಿನ ಮತ್ತು ಹಿಂದಿನ ಚಪ್ಪಟೆ ಮುಖಗಳಲ್ಲಿ ಓರೆಯಾಗಿ ಸಾಗುವ ಸುಮಾರು 57 ಮಿ.ಮೀ. ಉದ್ದದ ಎರಡು. ಈ ನಾಲ್ಕೂ ಒಂದೇ ಬಗೆಯವಲ್ಲ. ಒಳಮೂಲೆಯಲ್ಲಿ ಎರಡು ಗೋಡೆಗಳು ಕೂಡಿ ತಾವೇ ಒಂದು ತೊಟ್ಟಿಯಂತಾಗಿ ಕರಗಿದ ಲೋಹವನ್ನು ಹಿಡಿದುಕೊಳ್ಳುತ್ತವೆ; ಹೊರಮೂಲೆಯಲ್ಲಿ ಅಂಚಿಗೆ ಆಸರೆಯಿಲ್ಲ, ಶಾಖ ಹರಿದುಹೋಗಲು ದಾರಿಯೂ ಕಡಿಮೆ, ಹಾಗಾಗಿ ಅದು ಬೇಗ ಕರಗುತ್ತದೆ. ಚಪ್ಪಟೆ ಮುಖದ ಸಾಲುಗಳನ್ನು ಕೊನೆಗೆ ಗ್ರೈಂಡ್ ಮಾಡಿ ಸಮಗೊಳಿಸುವುದು ಗೇಟಿನ ಕೆಲಸದಲ್ಲಿ ರೂಢಿ, ಆದ್ದರಿಂದ ಅವುಗಳ ಗಟ್ಟಿತನ ಮೇಲೆ ಉಬ್ಬಿದ ಲೋಹದಲ್ಲಿರದೆ ಗೋಡೆಯ ದಪ್ಪದೊಳಗೇ ಇರಬೇಕಾಗುತ್ತದೆ.

ಗೋಡೆಯ ದಪ್ಪದೊಳಗೆ ಬೆಸುಗೆ ಇಳಿಯಬೇಕಾದರೆ ಎರಡು ತುದಿಗಳ ನಡುವೆ ಸ್ವಲ್ಪ ಸಂದು ಬೇಕು. 2 ಮಿ.ಮೀ. ಗೋಡೆಗೆ 0.8ರಿಂದ 1 ಮಿ.ಮೀ. ಸಂದು ಸಾಕು. ಬೆಸುಗೆ ತಂತಿಯೇ 0.8 ಮಿ.ಮೀ. ದಪ್ಪವಿರುವುದರಿಂದ ಅದರದೊಂದು ತುಂಡನ್ನು ನಡುವೆ ಇಟ್ಟು ಪೈಪುಗಳನ್ನು ಒತ್ತಿ ಹಿಡಿದರೆ ಅಳತೆ ತಾನಾಗಿ ಸಿಗುತ್ತದೆ. ಟ್ಯಾಕ್ ಎಂಬ ಚಿಕ್ಕ ಹಿಡಿತದ ಬೆಸುಗೆ ಹಾಕಿದ ಮೇಲೆ ಆ ತುಂಡನ್ನು ಎಳೆದು ತೆಗೆಯಬಹುದು. ಕತ್ತರಿಸುವಾಗ ಕೋನ ತಪ್ಪಿ ಒಂದು ತುದಿಯಲ್ಲಿ 2 ಮಿ.ಮೀ. ಬಾಯಿ ಬಿಟ್ಟುಕೊಂಡಿದ್ದರೆ ಅದನ್ನು ಬೆಸುಗೆಯಿಂದ ತುಂಬುವ ಆಸೆ ಬೇಡ. ಪೈಪನ್ನು ಮತ್ತೆ ಕಟಿಂಗ್ ಮೆಷಿನ್ನಿಗೆ ಕೊಟ್ಟು ಸರಿಯಾದ ಕೋನ ತೆಗೆಯಬೇಕು, ಏಕೆಂದರೆ ಅಗಲವಾದ ಸಂದಿನ ಕಡೆ ಹೆಚ್ಚು ಲೋಹ ಸುರಿಯಬೇಕಾಗುತ್ತದೆ, ಹೆಚ್ಚು ಲೋಹ ಆರುವಾಗ ಹೆಚ್ಚು ಕುಗ್ಗುತ್ತದೆ, ಆ ಕುಗ್ಗುವಿಕೆ ಮೂಲೆಯನ್ನು ಆ ಕಡೆಗೆ ಎಳೆಯುತ್ತದೆ.

ಇನ್ನು ಶುಚಿ ಮಾಡುವ ಕೆಲಸ. ಹೊಸ ಪೈಪಿನ ಮೇಲೆ ಎಣ್ಣೆಯ ಪಸೆಯೂ ಕಪ್ಪು ಪೊರೆಯೂ ಇರುತ್ತವೆ, ಆಗುಂಬೆ, ಹೊಸನಗರದ ಕಡೆಯ ಥಂಡಿಯಲ್ಲಿ ಕೆಲವು ದಿನ ಇಟ್ಟ ಪೈಪಿಗೆ ಕೆಂಪು ತುಕ್ಕಿನ ಪುಡಿಯೂ ಸೇರಿಕೊಂಡಿರುತ್ತದೆ. ಎಣ್ಣೆಯನ್ನು ಮೊದಲು ಬಟ್ಟೆಯಲ್ಲಿ ಒರೆಸಿ, ಆಮೇಲೆ ಫ್ಲಾಪ್ ಡಿಸ್ಕಿನಿಂದ ಬೆಸುಗೆಯ ಜಾಗದ ಎರಡೂ ಬದಿಗೆ 25 ಮಿ.ಮೀ.ವರೆಗೆ ನಾಲ್ಕೂ ಮುಖಗಳನ್ನು ಬಿಳಿಯ ಲೋಹ ಕಾಣುವಂತೆ ಉಜ್ಜಬೇಕು. ಕತ್ತರಿಸಿದಾಗ ಒಳಗಂಚಿನಲ್ಲಿ ಉಳಿಯುವ ಮುಳ್ಳುಗಳನ್ನು ಅರದಿಂದ ತೆಗೆಯಬೇಕು. ಮಳೆಗಾಲದಲ್ಲಿ ಹೀಗೆ ಉಜ್ಜಿದ ಲೋಹ ಮರುದಿನಕ್ಕೇ ಮಂಕಾಗುವುದರಿಂದ ಅಂದು ಬೆಸೆಯುವಷ್ಟನ್ನೇ ಅಂದು ಉಜ್ಜುವುದು ಮೇಲು. ಅರ್ಥ್ ಕ್ಲಾಂಪ್ ಕಚ್ಚುವ ಜಾಗವನ್ನೂ ಇದೇ ರೀತಿ ಉಜ್ಜಬೇಕು. ತುಕ್ಕಿನ ಮೇಲೆ ಕಚ್ಚಿಸಿದ ಕ್ಲಾಂಪಿನಿಂದ ಕಿಡಿ ತಡವರಿಸುವುದನ್ನು ಕಂಡು ಹೊಸಬರು ಮೆಷಿನ್ನಿನ ಗುಂಡಿಗಳನ್ನು ವೃಥಾ ತಿರುಗಿಸುತ್ತಿರುತ್ತಾರೆ.

ಮೆಷಿನ್ನಿನ ವಿಷಯಕ್ಕೆ ಬಂದರೆ, ನಮ್ಮ ಕೆಲಸಕ್ಕೆ ತಾಮ್ರದ ಲೇಪವಿರುವ 0.8 ಮಿ.ಮೀ. ಘನ ತಂತಿ, ಸುರುಳಿಯ ಮೇಲೆ ಇಆರ್70ಎಸ್-6 ಎಂದು ಬರೆದಿರುವುದು, ಬೇಕು. ಅದರಲ್ಲಿರುವ ಸಿಲಿಕಾನ್ ಮತ್ತು ಮ್ಯಾಂಗನೀಸ್ ಅಲ್ಪಸ್ವಲ್ಪ ತುಕ್ಕಿನ ಆಮ್ಲಜನಕವನ್ನು ಹಿಡಿದುಕೊಂಡು ಬೆಸುಗೆಯ ಮೇಲೆ ಗಾಜಿನಂಥ ಕಂದು ಚುಕ್ಕೆಗಳಾಗಿ ಹೊರಬರುತ್ತವೆ. ಘನ ತಂತಿಗೆ ಟಾರ್ಚ್ ಧನಧ್ರುವದಲ್ಲಿ, ಅರ್ಥ್ ಕ್ಲಾಂಪ್ ಋಣಧ್ರುವದಲ್ಲಿ ಇರಬೇಕು. ಗ್ಯಾಸ್ ಇಲ್ಲದೆ ಉರಿಯುವ ಫ್ಲಕ್ಸ್ ತಂತಿಗೆ ಇದು ತಿರುವುಮುರುವು, ಆದ್ದರಿಂದ ಎರಡಕ್ಕೂ ಆಗುವ ಚಿಕ್ಕ ಇನ್ವರ್ಟರ್ ಮೆಷಿನ್ನುಗಳಲ್ಲಿ ಮುಂಭಾಗದ ವೈರಿನ ಜೋಡಣೆಯನ್ನು ಒಮ್ಮೆ ನೋಡಿಯೇ ಶುರು ಮಾಡಬೇಕು. ತಂತಿ ಎಳೆಯುವ ರೋಲರಿನ ತೋಡೂ ಟಾರ್ಚಿನ ತುದಿಯ ತಾಮ್ರದ ಟಿಪ್ಪೂ 0.8 ಅಳತೆಯವೇ ಆಗಿರಬೇಕು. ರೋಲರಿನ ಒತ್ತಡವನ್ನು, ಕೈಗವಸಿನ ಬೆರಳುಗಳ ನಡುವೆ ತಂತಿಯನ್ನು ಸಾಧಾರಣವಾಗಿ ತಡೆದರೂ ಅದು ಜಾರದೆ ಸಾಗುವಷ್ಟಕ್ಕೆ ಮಾತ್ರ ಬಿಗಿಗೊಳಿಸಬೇಕು. ಹೆಚ್ಚು ಬಿಗಿದರೆ ತಂತಿ ಚಪ್ಪಟೆಯಾಗಿ ಟಿಪ್ಪಿನಲ್ಲಿ ಸಿಕ್ಕಿ, ರೋಲರಿನ ಬಳಿ ಗಂಟು ಕಟ್ಟುತ್ತದೆ.

ಗ್ಯಾಸ್ ಆಗಿ ವರ್ಕ್‌ಶಾಪುಗಳಲ್ಲಿ ಸಿಒಟು ಎನ್ನುವ ಇಂಗಾಲದ ಡೈಆಕ್ಸೈಡನ್ನೇ ಬಳಸಬಹುದು. ಆರ್ಗಾನ್ ಬೆರೆಸಿದ ಗ್ಯಾಸಿನಲ್ಲಿ ಕಿಡಿ ಸಿಡಿತ ಕಡಿಮೆ, ಬೆಸುಗೆ ನುಣುಪು, ಬೆಲೆ ಮಾತ್ರ ಹೆಚ್ಚು. ಹರಿವು ನಿಮಿಷಕ್ಕೆ 10ರಿಂದ 12 ಲೀಟರ್ ಇರಲಿ. ಸಿಲಿಂಡರಿನೊಳಗೆ ಸಿಒಟು ದ್ರವರೂಪದಲ್ಲಿರುವುದರಿಂದ ದ್ರವ ಮುಗಿಯುವವರೆಗೂ ಒತ್ತಡದ ಮುಳ್ಳು ಹೆಚ್ಚು ಕದಲುವುದಿಲ್ಲ, ಎಷ್ಟು ಉಳಿದಿದೆ ಎಂಬುದು ತೂಗಿದರೆ ಮಾತ್ರ ತಿಳಿಯುತ್ತದೆ. ಗಾಳಿಯ ವಿಷಯದಲ್ಲಿ ಮಲೆನಾಡಿನ ತೆರೆದ ಶೆಡ್ಡುಗಳಲ್ಲಿ ವಿಶೇಷ ಎಚ್ಚರ ಬೇಕು. ಮಳೆಯ ಜೊತೆ ಬೀಸುವ ಗಾಳಿ ಬೆಸುಗೆಯ ಮೇಲಿನ ಗ್ಯಾಸಿನ ಹೊದಿಕೆಯನ್ನು ಸುಲಭವಾಗಿ ಹಾರಿಸುತ್ತದೆ. ಹಾಗೆಂದು ಬಾಗಿಲುಗಳನ್ನೆಲ್ಲ ಮುಚ್ಚಿದರೆ ಹೊಗೆಯೂ ಸಿಒಟುವೂ ಒಳಗೇ ತುಂಬುತ್ತವೆ. ಆದ್ದರಿಂದ ಗಾಳಿ ಬರುವ ದಿಕ್ಕಿಗೆ ಒಂದು ತಗಡಿನ ಮರೆ ನಿಲ್ಲಿಸಿ ಉಳಿದ ಕಡೆ ತೆರೆದಿಡುವುದು ಸರಿ.

ಈಗ ಎರಡು ಮುಖ್ಯ ಹೊಂದಾಣಿಕೆಗಳು: ತಂತಿಯ ವೇಗ ಮತ್ತು ವೋಲ್ಟೇಜ್. ಮಿಗ್ ಬೆಸುಗೆಯಲ್ಲಿ ಕರೆಂಟು ಎಷ್ಟು ಹರಿಯಬೇಕೆಂಬುದನ್ನು ನಿರ್ಧರಿಸುವುದು ತಂತಿಯ ವೇಗ; ಕಿಡಿಯ ಉದ್ದವನ್ನೂ ಬೆಸುಗೆ ಎಷ್ಟು ಹರಡಿಕೊಳ್ಳುತ್ತದೆ ಎಂಬುದನ್ನೂ ನಿರ್ಧರಿಸುವುದು ವೋಲ್ಟೇಜ್. 2 ಮಿ.ಮೀ. ಗೋಡೆಗೆ ಸುಮಾರು 80 ಆಂಪಿಯರ್ ಬೇಕು, 0.8 ಮಿ.ಮೀ. ತಂತಿಯಲ್ಲಿ ಅಷ್ಟು ಬರಲು ತಂತಿ ನಿಮಿಷಕ್ಕೆ ಸುಮಾರು 4 ಮೀಟರ್ ಸಾಗಬೇಕು. ಮೆಷಿನ್ನಿನ ಮೇಲೆ 1ರಿಂದ 10ರವರೆಗಿನ ಅಂಕಿಗಳಷ್ಟೇ ಇದ್ದರೂ ಚಿಂತೆಯಿಲ್ಲ. ಟಾರ್ಚಿನ ತುದಿ ಯಾವುದಕ್ಕೂ ತಾಗದಂತೆ ಹಿಡಿದು ಗುಂಡಿಯನ್ನು 6 ಸೆಕೆಂಡ್ ಒತ್ತಿ, ಹೊರಬಂದ ತಂತಿಯನ್ನು ಅಳೆದು ಹತ್ತರಿಂದ ಗುಣಿಸಿದರೆ ನಿಮಿಷದ ವೇಗ ಸಿಗುತ್ತದೆ, 40 ಸೆಂ.ಮೀ. ಬಂದರೆ ನಮಗೆ ಬೇಕಾದ ವೇಗವೇ ಅದು. ವೋಲ್ಟೇಜನ್ನು ಸಿಒಟುಗೆ 18ರಿಂದ 19ರಲ್ಲಿ, ಆರ್ಗಾನ್ ಮಿಶ್ರಣಕ್ಕೆ ಒಂದು ವೋಲ್ಟ್‌ನಷ್ಟು ಕೆಳಗೆ ಇಟ್ಟು ಶುರು ಮಾಡಿ, ಉಳಿದದ್ದನ್ನು ಕಿವಿಗೆ ಬಿಡಬೇಕು. ಈ ಮಟ್ಟದಲ್ಲಿ ತಂತಿಯ ತುದಿ ಕರಗಿದ ಲೋಹದ ಮಡುವಿಗೆ ಸೆಕೆಂಡಿಗೆ ಹತ್ತಾರು ಬಾರಿ ತಾಗಿ, ಕರಗಿ, ಬಿಡುತ್ತಿರುತ್ತದೆ. ಆ ಲಯ ಸರಿಯಿದ್ದಾಗ ಕಾದ ಎಣ್ಣೆಯಲ್ಲಿ ಸಂಡಿಗೆ ಕರಿಯುವಾಗಿನ ಒಂದೇ ಸಮನೆಯ ಚಟಪಟ ಕೇಳುತ್ತದೆ. ಟಾರ್ಚನ್ನು ತಂತಿ ಹಿಂದಕ್ಕೆ ತಳ್ಳಿದಂತೆ ಕೈಗೆ ಭಾಸವಾಗಿ, ಬಿಟ್ಟು ಬಿಟ್ಟು ಟಪ್ ಟಪ್ ಎಂದರೆ ತಂತಿಯ ವೇಗಕ್ಕೆ ವೋಲ್ಟೇಜ್ ಸಾಲದು. ಸದ್ದು ಮೆತ್ತಗೆ ಬುಸುಗುಟ್ಟಿ ತಂತಿಯ ತುದಿಯಲ್ಲಿ ದೊಡ್ಡ ಹನಿಗಳು ತೂಗಾಡಿದರೆ ವೋಲ್ಟೇಜ್ ಹೆಚ್ಚಾಗಿದೆ. ಒಮ್ಮೆಗೆ ಒಂದನ್ನೇ, ಅದೂ ಸ್ವಲ್ಪವೇ ಬದಲಿಸಬೇಕು, ಇಲ್ಲವಾದರೆ ಯಾವುದರಿಂದ ಏನಾಯಿತೆಂದು ತಿಳಿಯದು.

ಹಳ್ಳಿಯ ಲೈನಿನ ಕೊನೆಯ ಮನೆಗಳಲ್ಲಿ ಮನೆಗೆ ಬರುವ ವೋಲ್ಟೇಜೇ ದಿನದಲ್ಲಿ ಏರಿಳಿಯುತ್ತದೆ, ತೋಟದ ಪಂಪ್‌ಸೆಟ್ಟುಗಳು ಓಡುವ ಹೊತ್ತಿನಲ್ಲಿ ಇಳಿಯುವುದು ಹೆಚ್ಚು. ಬೆಳಿಗ್ಗೆ ಸರಿಯಿದ್ದ ಹೊಂದಾಣಿಕೆ ಮಧ್ಯಾಹ್ನ ಟಪ್ ಟಪ್ ಎನ್ನಲು ಇದೂ ಕಾರಣವಿರಬಹುದು. ಉದ್ದದ ತೆಳು ವೈರಿನ ಎಕ್ಸ್‌ಟೆನ್ಷನ್ ಬಾಕ್ಸ್ ಈ ಇಳಿತವನ್ನು ಇನ್ನಷ್ಟು ಹೆಚ್ಚಿಸುತ್ತದೆ, 2.5 ಚದರ ಮಿ.ಮೀ. ತಾಮ್ರದ ವೈರು, ಸುರುಳಿಯನ್ನು ಪೂರ್ತಿ ಬಿಚ್ಚಿ ಹಾಸಿದ್ದು, ಈ ಕೆಲಸಕ್ಕೆ ಆಗುತ್ತದೆ.

ಹೊಂದಾಣಿಕೆಯನ್ನು ಗೇಟಿನ ಮೇಲೆ ಪರೀಕ್ಷಿಸಬಾರದು. ಅದೇ ಪೈಪಿನ ಎರಡು ಮೋಟು ತುಂಡುಗಳನ್ನು 45 ಡಿಗ್ರಿಗೆ ಕತ್ತರಿಸಿ, ಅದೇ ಸಂದು ಬಿಟ್ಟು, ನಾಲ್ಕೂ ಸಾಲುಗಳನ್ನು ಬೆಸೆಯಬೇಕು. ಮೋಟು ತುಂಡಿನ ದೊಡ್ಡ ಅನುಕೂಲವೆಂದರೆ ಅದರ ತೆರೆದ ತುದಿಯಿಂದ ಟಾರ್ಚ್ ಲೈಟ್ ಬಿಟ್ಟು ಬೆಸುಗೆಯ ಒಳಮೈಯನ್ನು ನೋಡಬಹುದು. ಒಳಗೆ ಸಂದಿನ ಉದ್ದಕ್ಕೂ ಕರಗಿದ ಲೋಹದ ತೆಳುವಾದ ಏರು ಕಂಡರೆ ಬೆಸುಗೆ ಗೋಡೆಯನ್ನು ದಾಟಿದೆ. ಒಳಗೆ ಕತ್ತರಿಸಿದ ಅಂಚುಗಳು ಇನ್ನೂ ಚೂಪಾಗಿ, ಬೇರೆಬೇರೆಯಾಗಿ ಕಾಣುತ್ತಿದ್ದರೆ ಹೊರಗಿನ ಸಾಲು ಎಷ್ಟೇ ಅಂದವಾಗಿದ್ದರೂ ಅದು ಮೇಲೆ ಕೂತಿದೆ ಅಷ್ಟೆ, ಗ್ರೈಂಡ್ ಮಾಡಿದೊಡನೆ ಹೋಗುತ್ತದೆ. ಇನ್ನೊಂದು ತುಂಡಿಗೆ ಒಂದು ಮುಖವನ್ನು ಮಾತ್ರ ಬೆಸೆದು, ವೈಸಿನಲ್ಲಿ ಹಿಡಿದು, ಬೆಸುಗೆಯ ಬೇರು, ಎಂದರೆ ಅದರ ಒಳಬದಿ, ಬಾಯಿ ತೆರೆಯುವ ಹಾಗೆ ಸುತ್ತಿಗೆಯಿಂದ ಬಗ್ಗಿಸಬೇಕು. ಪೈಪಿನ ಗೋಡೆ ಬಾಗಿದರೆ ಬೆಸುಗೆ ಸರಿ. ಬೆಸುಗೆ ಒಂದು ಅಂಚಿನಿಂದ ಸಿಪ್ಪೆಯಂತೆ ಎದ್ದುಬಂದರೆ ಆ ಅಂಚು ಕರಗಿರಲೇ ಇಲ್ಲ. ಇದು ತೃಪ್ತಿಕರವಾಗುವವರೆಗೆ ಚೌಕಟ್ಟನ್ನು ಮುಟ್ಟಬಾರದೆಂದು ನಾನು ಒತ್ತಿ ಹೇಳುತ್ತೇನೆ.

ಚೌಕಟ್ಟನ್ನು ಜೋಡಿಸಲು ಸಮತಟ್ಟಾದ ಜಾಗ ಬೇಕು. ನೆಲ ಏರುಪೇರಾಗಿದ್ದರೆ ಎರಡು ನೇರವಾದ ಪೈಪುಗಳನ್ನು ಮಟ್ಟ ಮಾಡಿ ಅಡ್ಡ ಇಟ್ಟು ಅವುಗಳ ಮೇಲೆ ಜೋಡಿಸಬಹುದು. ಕೊಟ್ಟಿಗೆಯ ಪಕ್ಕದಲ್ಲೋ ಅಡಿಕೆ ಶೆಡ್ಡಿನಲ್ಲೋ ಕೆಲಸ ಮಾಡುವುದಾದರೆ ದರಗು, ಹುಲ್ಲು, ಒಣ ಅಡಿಕೆ ಸಿಪ್ಪೆಗಳನ್ನು ಮೊದಲೇ ಗುಡಿಸಿ ದೂರ ಹಾಕಿ, ಒಂದು ಬಕೆಟ್ ನೀರನ್ನು ಕೈಗೆ ಸಿಗುವಲ್ಲಿ ಇಡಬೇಕು, ಏಕೆಂದರೆ ಸಿಡಿದ ಕಿಡಿ ಸಿಪ್ಪೆಯ ರಾಶಿಯೊಳಗೆ ಬಹಳ ಹೊತ್ತು ಕಾಣದಂತೆ ಮಿಣಿಮಿಣಿ ಉರಿಯಬಲ್ಲದು. ಒದ್ದೆ ನೆಲದಲ್ಲಿ ನಿಲ್ಲಬಾರದು, ಒದ್ದೆಯಾದ ಕೈಗವಸು ಧರಿಸಬಾರದು. ಒಣ ಹಲಗೆಯ ಮೇಲೆ ನಿಂತು, 10 ಅಥವಾ 11ನೇ ಶೇಡಿನ ಹೆಲ್ಮೆಟ್ ಹಾಕಿ, ತೋಳು ಮುಚ್ಚುವ ಹತ್ತಿ ಬಟ್ಟೆಯಲ್ಲಿ ಕೆಲಸ ಮಾಡಬೇಕು.

ಮೊದಲ ಮೂಲೆಯನ್ನು ಮೂಲೆಮಟ್ಟಕ್ಕೆ ಹಿಡಿದು ಕ್ಲಾಂಪ್ ಮಾಡಿ, ಮೇಲ್ಮುಖದ ಸಾಲಿನ ಎರಡು ತುದಿಗಳ ಸಮೀಪ 5 ಮಿ.ಮೀ. ಉದ್ದದ ಒಂದೊಂದು ಟ್ಯಾಕ್ ಹಾಕಬೇಕು. ತುದಿಗೆ ಸರಿಯಾಗಿ ಹಾಕದೆ ಸ್ವಲ್ಪ ಒಳಗೆ ಹಾಕಿದರೆ ಅಂಚು ಕರಗಿಹೋಗುವುದಿಲ್ಲ. ಮೂಲೆಮಟ್ಟ ಚಿಕ್ಕದಾದ್ದರಿಂದ ಅದರಲ್ಲಿ ಕಾಣದ ತಪ್ಪು ಉದ್ದದಲ್ಲಿ ದೊಡ್ಡದಾಗುತ್ತದೆ: ಅರ್ಧ ಡಿಗ್ರಿ ತಪ್ಪಿದರೆ 1600 ಮಿ.ಮೀ. ದೂರದ ತುದಿಯಲ್ಲಿ 14 ಮಿ.ಮೀ. ವ್ಯತ್ಯಾಸ. ಆದ್ದರಿಂದ ಎರಡು ಪೈಪುಗಳ ದೂರದ ಹೊರತುದಿಗಳ ನಡುವೆ ಟೇಪು ಹಿಡಿಯಬೇಕು; 2000 ಮಿ.ಮೀ. ಬಂದರೆ ಮೂಲೆ ಸರಿಯಾಗಿ 90 ಡಿಗ್ರಿ. ಹೆಚ್ಚು ಬಂದರೆ ಮೂಲೆ ತೆರೆದಿದೆ, ಕಡಿಮೆ ಬಂದರೆ ಮುಚ್ಚಿದೆ. ಟ್ಯಾಕ್ ಮಾತ್ರ ಇರುವಾಗ ಕೈಯಿಂದಲೇ ಒತ್ತಿ ಸರಿಪಡಿಸಬಹುದು. ಆಮೇಲೆ ಹಗುರವಾಗಿ ಮಗುಚಿ ಕೆಳಮುಖಕ್ಕೂ ಎರಡು ಟ್ಯಾಕ್ ಹಾಕಬೇಕು.

ಇಲ್ಲಿಯೇ ಹೊಸಬರು ತಡೆದುಕೊಳ್ಳಬೇಕಾದದ್ದು: ಈ ಮೂಲೆಯನ್ನು ಈಗಲೇ ಪೂರ್ತಿ ಬೆಸೆಯಬಾರದು. ಬೆಸುಗೆ ಆರುವಾಗ ಕುಗ್ಗುತ್ತದೆ, ಕುಗ್ಗಿದ ಕಡೆಗೆ ಪೈಪನ್ನು ಎಳೆಯುತ್ತದೆ. ಹೊರಮೂಲೆಯ ಸಾಲು ಕುಗ್ಗಿದರೆ ಮೂಲೆ ತೆರೆಯುತ್ತದೆ, ಒಳಮೂಲೆಯ ಸಾಲು ಕುಗ್ಗಿದರೆ ಮೂಲೆ ಮುಚ್ಚುತ್ತದೆ, ಮೇಲ್ಮುಖದ ಸಾಲು ಕುಗ್ಗಿದರೆ ಚೌಕಟ್ಟು ಸಮತಟ್ಟು ಬಿಟ್ಟು ಮೇಲಕ್ಕೆ ಏಳುತ್ತದೆ. ಎರಡೇ ಪೈಪುಗಳಿರುವ ಮೂಲೆಯಲ್ಲಿ ಈ ಎಳೆತವನ್ನು ತಡೆಯುವವರು ಯಾರೂ ಇಲ್ಲ. ಉಳಿದ ಮೂರು ಮೂಲೆಗಳನ್ನೂ ಇದೇ ರೀತಿ ಟ್ಯಾಕ್ ಮಾಡಿ ಚೌಕಟ್ಟನ್ನು ಮುಚ್ಚಿದರೆ ಒಂದು ಮೂಲೆಯ ಎಳೆತವನ್ನು ಮಿಕ್ಕವು ಹಿಡಿದುಕೊಳ್ಳುತ್ತವೆ. ಮುಚ್ಚಿದ ಮೇಲೆ ಎರಡೂ ಕರ್ಣಗಳನ್ನು ಅಳೆಯಬೇಕು. ಒಂದು 2003, ಇನ್ನೊಂದು 1997 ಬಂತೆನ್ನಿ; ವ್ಯತ್ಯಾಸ 6 ಮಿ.ಮೀ., ಅಂದರೆ ಚಿಲಕದ ತುದಿ ಸುಮಾರು 5 ಮಿ.ಮೀ. ಏರಿಯೋ ಇಳಿದೋ ನಿಲ್ಲುತ್ತದೆ. ಉದ್ದವಾದ ಕರ್ಣದ ಎರಡು ಮೂಲೆಗಳಿಗೆ ಬೆಲ್ಟ್ ಬಿಗಿದು ಎರಡೂ ಸಮವಾಗುವವರೆಗೆ ಎಳೆದು, ಬಿಟ್ಟ ಮೇಲೆ ಮತ್ತೆ ಅಳೆಯಬೇಕು, ಏಕೆಂದರೆ ಪೈಪು ಸ್ವಲ್ಪ ಹಿಂದಕ್ಕೆ ಸರಿಯುತ್ತದೆ.

ಕರ್ಣಗಳು ಸಮನಾದ ಮೇಲೆ ಬೆಸುಗೆ. ಪ್ರತಿ ಮೂಲೆಯ ಹೊರಸಾಲನ್ನು ಮೊದಲು, ಒಂದು ಮೂಲೆಯಿಂದ ಅದರ ಎದುರು ಕರ್ಣದ ಮೂಲೆಗೆ ಹೋಗುತ್ತ ಮುಗಿಸಬೇಕು, ಅನಂತರ ಒಳಸಾಲುಗಳು, ಕೊನೆಗೆ ಒಂದು ಕಡೆಯ ಮುಖದಲ್ಲಿ ಎರಡು ಮೂಲೆ, ಮಗುಚಿ ಇನ್ನೊಂದು ಕಡೆಯಲ್ಲಿ ಎರಡು ಮೂಲೆ, ಹೀಗೆ ಮುಖದ ಸಾಲುಗಳು. ಒಂದೇ ಮೂಲೆಯ ನಾಲ್ಕೂ ಸಾಲುಗಳನ್ನು ಬಿಸಿಯ ಮೇಲೆ ಬಿಸಿಯಾಗಿ ಹಾಕಿದರೆ ಕೊನೆಯ ಸಾಲಿನಲ್ಲಿ ತೂತು ಬೀಳುವ ಸಂಭವವೇ ಹೆಚ್ಚು.

ಟಾರ್ಚಿನ ಟಿಪ್ಪಿನಿಂದ ಹೊರಚಾಚಿದ ತಂತಿ 8ರಿಂದ 10 ಮಿ.ಮೀ. ಇರಬೇಕು. ಚಪ್ಪಟೆ ಮುಖದಲ್ಲಿ ಟಾರ್ಚನ್ನು ನೆಟ್ಟಗೆ ಹಿಡಿದು, ಸಾಗುವ ದಿಕ್ಕಿಗೆ ನಾಝಲ್ ಮುಖಮಾಡುವಂತೆ 10ರಿಂದ 15 ಡಿಗ್ರಿ ಬಾಗಿಸಿ, ಒಳಮೂಲೆಯ ಕಡೆಯಿಂದ ಹೊರಮೂಲೆಯ ಕಡೆಗೆ ತಳ್ಳುತ್ತ ಹೋಗಬೇಕು. 57 ಮಿ.ಮೀ. ಸಾಲಿಗೆ ಸುಮಾರು 10 ಸೆಕೆಂಡ್ ಹಿಡಿಯುತ್ತದೆ. ಕಣ್ಣು ನೆಡಬೇಕಾದದ್ದು ಉರಿಯುವ ಕಿಡಿಯ ಮೇಲಲ್ಲ, ಅದರ ಹಿಂದಿನ ಮಡುವಿನ ಮೇಲೆ. ಮಡುವಿನ ಎರಡೂ ಅಂಚುಗಳು ಎರಡೂ ಪೈಪಿನ ಗೋಡೆಗೆ ಹರಿದು ಅಂಟಿಕೊಳ್ಳುವುದು ಕಾಣುತ್ತಿರಬೇಕು. ಮಡು ಇದ್ದಕ್ಕಿದ್ದಂತೆ ತಗ್ಗಿ ಹೊಳಪಾದರೆ ತೂತು ಬೀಳುವ ಮುನ್ಸೂಚನೆ, ಕೂಡಲೇ ಗುಂಡಿ ಬಿಟ್ಟು ಕೆಂಪು ಆರುವವರೆಗೆ ಕಾಯಬೇಕು. ಸಾಲಿನ ಕೊನೆಯಲ್ಲಿ ಅರೆಕ್ಷಣ ನಿಂತು ಕುಳಿಯನ್ನು ತುಂಬಿಸಿ ಬಿಡಬೇಕು, ಬಿರುಕು ಶುರುವಾಗುವುದು ತುಂಬದ ಕುಳಿಯಿಂದಲೇ. ಒಳಮೂಲೆಗೆ ಟಾರ್ಚ್ ಎರಡೂ ಗೋಡೆಗಳಿಗೆ 45 ಡಿಗ್ರಿಯಲ್ಲಿರಲಿ. ಹೊರಮೂಲೆಯಲ್ಲಿ ಕೈ ಸ್ವಲ್ಪ ಚುರುಕಾಗಬೇಕು.

ಆರಿದ ಮೇಲೆ ಬೆಸುಗೆಯನ್ನು ಗ್ರೈಂಡರಿಗೆ ಕೊಡುವ ಮೊದಲು ನೋಡಬೇಕು. ಹುಳು ಕೊರೆದಂಥ ಚಿಕ್ಕ ರಂಧ್ರಗಳಿದ್ದರೆ ಗ್ಯಾಸ್ ತಲುಪಿಲ್ಲ ಅಥವಾ ಎಣ್ಣೆ, ತುಕ್ಕು ಉಳಿದಿತ್ತು; ಮೊದಲು ನಾಝಲಿನೊಳಗೆ ಸಿಡಿದು ಅಂಟಿದ ಲೋಹದ ಹನಿಗಳು ಗ್ಯಾಸಿನ ದಾರಿ ತಡೆದಿವೆಯೇ ಎಂದು ನೋಡಿ, ಆಮೇಲೆ ಗಾಳಿಯ ಮರೆಯನ್ನು ಸರಿಮಾಡಬೇಕು. ರಂಧ್ರವಿರುವ ಸಾಲಿನ ಮೇಲೆ ಇನ್ನೊಂದು ಸಾಲು ಎಳೆದರೆ ರಂಧ್ರ ಮುಚ್ಚುವುದಿಲ್ಲ, ಮೇಲಕ್ಕೆ ಏರಿ ಬರುತ್ತದೆ. ಅದನ್ನು ಪೂರ್ತಿ ಉಜ್ಜಿ ತೆಗೆದು ಮತ್ತೆ ಹಾಕಬೇಕು. ಸಾಲು ಹಗ್ಗದಂತೆ ಉಬ್ಬಿ ಅಂಚುಗಳು ಗೋಡೆಗೆ ಸೇರದೆ ನಿಂತಿದ್ದರೆ ಶಾಖ ಸಾಲದು. ಮುಖದ ಸಾಲುಗಳನ್ನು ಫ್ಲಾಪ್ ಡಿಸ್ಕಿನಿಂದ ಗೋಡೆಯ ಮಟ್ಟಕ್ಕೆ ಮಾತ್ರ ಇಳಿಸಬೇಕು, ಪೈಪಿನ ಮೈಗೆ ಡಿಸ್ಕ್ ಕಚ್ಚಬಾರದು. ಒಳಮೂಲೆಯ ಸಾಲನ್ನು ಗ್ರೈಂಡ್ ಮಾಡುವುದೇ ಬೇಡ.

ಚೌಕಟ್ಟಿನ ಕೆಳಗಿನ ಅಡ್ಡಪೈಪಿನ ತಳಮುಖದಲ್ಲಿ, ಎರಡು ತುದಿಗಳ ಸಮೀಪ 6 ಮಿ.ಮೀ. ಡ್ರಿಲ್ಲಿನಿಂದ ಒಂದೊಂದು ತೂತನ್ನು ಪೈಪು ಕತ್ತರಿಸಿದಾಗಲೇ ಕೊರೆದಿಟ್ಟುಕೊಂಡಿರಬೇಕು. ಚೌಕಟ್ಟು ಸುತ್ತಲೂ ಮುಚ್ಚಿದ ಪೈಪಾದ್ದರಿಂದ ಕೊನೆಯ ಸಾಲು ಮುಗಿಯುವ ಹೊತ್ತಿಗೆ ಒಳಗಿನ ಬಿಸಿಗಾಳಿ ಹಿಗ್ಗಿ ಕರಗಿದ ಮಡುವನ್ನು ಊದಿ, ಎಷ್ಟು ತುಂಬಿದರೂ ಮುಚ್ಚದ ರಂಧ್ರವೊಂದನ್ನು ಉಳಿಸುತ್ತದೆ. ಈ ತೂತುಗಳು ಆ ಗಾಳಿಗೆ ದಾರಿಯಾಗುತ್ತವೆ, ಮುಂದೆ ಮಳೆಗಾಲದಲ್ಲಿ ಒಳಗೆ ತಂಪಾಗಿ ಕಟ್ಟುವ ಬೆವರಿನ ನೀರು ಇಳಿದುಹೋಗುವುದೂ ಇಲ್ಲಿಂದಲೇ. ಬೆಸುಗೆ ಆರಿ, ಸಿಡಿದ ಹನಿಗಳನ್ನು ಉಳಿಯಿಂದ ತೆಗೆದು, ಒರೆಸಿ, ಅದೇ ದಿನ ಪ್ರೈಮರ್ ಬಳಿಯಬೇಕು. ಬಳಿಯುವಾಗ ತಳದ ಆ ಎರಡು ತೂತುಗಳ ಬಾಯಿ ಬಣ್ಣದಿಂದ ಮುಚ್ಚಿಹೋಗದಂತೆ ಒಂದು ಕಡ್ಡಿ ಆಡಿಸಿ ತೆರೆದಿಟ್ಟು, ಆಮೇಲೆ ಚೌಕಟ್ಟನ್ನು ನಿಲ್ಲಿಸಿ ಒಣಗಲು ಬಿಡಬೇಕು.